ಸೇವೆಯಾಟದ ವಿಡಿಯೊ ಫೈಲುಗಳು: ಇಳಿಸಿಕೊಂಡು ಪರೀಕ್ಷಿಸುವ ಬಗ್ಗೆ

ಶೆಟ್ರೇ, ನಮಸ್ಕಾರ.

ನಿಮ್ಮ ಮನೆಯಂಗಳದ ಯಕ್ಷಗಾನ ಸೇವೆಯಾಟದ ಎಡಿಟಿಂಗ್ ಮುಗಿದಿದೆ. ರಾತ್ರಿಯಿಡೀ ನಡೆದ ಆಟದಿಂದ ನಾವು ಕೂತು ಆರಿಸಿದ ಮೂರು ಗಂಟೆ, ಒಂದೊಂದು ಗಂಟೆಯ ಮೂರು ಭಾಗ. ಗೂಗಲ್ ಡ್ರೈವ್ ಲಿಂಕ್ ನಿಮ್ಮ ಇಮೇಲಿಗೆ ಕಳಿಸಿದ್ದೇನೆ. ಜೂನ್ 10ರ ರಾತ್ರಿವರೆಗೆ ಅದು ತೆರೆದಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೌನ್‌ಲೋಡ್ ಮುಗಿದ ಕೂಡಲೇ "ಸಿಕ್ಕಿತು" ಅಂತ ಮೆಸೇಜ್ ಹಾಕಬೇಡಿ. ನೋಡಿ, ಪರೀಕ್ಷೆ ಮಾಡಿ, ಆಮೇಲೆ ಹಾಕಿ. ನೀವು ಒಪ್ಪಿದ ಮೇಲೆ ಮೂರು ಕ್ಯಾಮೆರಾದ ಕಚ್ಚಾ ಶೂಟಿಂಗನ್ನು ನಾನು ಅಳಿಸುತ್ತೇನೆ. ಮುಂದಿನ ಕೆಲಸಕ್ಕೆ ಜಾಗ ಬೇಕಲ್ಲ. ಅದಾದ ಮೇಲೆ ಆ ರಾತ್ರಿಯ ಆಟ ಉಳಿಯುವುದು ನಿಮ್ಮ ಹತ್ತಿರ ಇರುವ ಫೈಲಿನಲ್ಲಿ ಮಾತ್ರ.

ಫೋಲ್ಡರಿನಲ್ಲಿ ಎರಡು ಬಗೆಯ ಫೈಲುಗಳಿವೆ. ಹೆಸರಲ್ಲಿ `MASTER` ಅಂತ ಇರುವ ಮೂರು ಫೈಲು ಮನೆಯಲ್ಲಿ ಜೋಪಾನವಾಗಿ ಇಡಲಿಕ್ಕೆ. ಪ್ರೋರೆಸ್ 422, ಒಂದೊಂದು ಸುಮಾರು 55 ಜಿಬಿ. `VIEW` ಅಂತ ಇರುವ ಮೂರು ಎಂಪಿ4 ಫೈಲು ಟಿವಿಯಲ್ಲಿ ನೋಡಲಿಕ್ಕೆ, ಮುಂಬೈ, ಬಹರೈನ್‌ನಲ್ಲಿರುವ ಮನೆಯವರಿಗೆ ಕಳಿಸಲಿಕ್ಕೆ. ಒಂದೊಂದು ಸುಮಾರು 7 ಜಿಬಿ. ಮಾಸ್ಟರ್ ಫೈಲಿನ ಲಿಂಕನ್ನು ನೆಂಟರ ಗ್ರೂಪಿಗೆ ಹಾಕಬೇಡಿ. ಅವರ ಟಿವಿಯಲ್ಲಿ ಅದು ಓಡುವುದಿಲ್ಲ, ಸುಮ್ನೆ ಎಲ್ಲರಿಗೂ ತಲೆನೋವು.

ಎಲ್ಲ ಸೇರಿ 190 ಜಿಬಿ ಹತ್ತಿರ ಆಗುತ್ತದೆ. 250 ಜಿಬಿ ಖಾಲಿ ಇರುವ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ, ಅದು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಬೇಕು. ಹಳೆಯ ಪೆನ್ ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್32 ಇರುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂರುವುದಿಲ್ಲ. ಡ್ರೈವಲ್ಲಿ ಎಷ್ಟೇ ಜಾಗ ಖಾಲಿ ಇದ್ದರೂ "ಫೈಲ್ ದೊಡ್ಡದಾಯಿತು" ಅಂತಲೇ ಹೇಳುತ್ತದೆ. ಫಾರ್ಮ್ಯಾಟ್ ಮಾಡುವ ಮುಂಚೆ ಅದರಲ್ಲಿ ಹಳೆಯ ಫೋಟೊಗಳಿವೆಯಾ ನೋಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೋಗುತ್ತದೆ.

ಇನ್ನು ಡೌನ್‌ಲೋಡ್. ಇಡೀ ಫೋಲ್ಡರನ್ನು ಒಟ್ಟಿಗೆ ಇಳಿಸಬೇಡಿ. ಹಾಗೆ ಮಾಡಿದರೆ ಗೂಗಲ್ ಡ್ರೈವ್ ಅದನ್ನು ಜಿಪ್ ಮಾಡಿ, ತುಂಡು ತುಂಡಾಗಿ ಕೊಡುತ್ತದೆ. ಯಾವುದೋ ಒಂದು ತುಂಡು ತಪ್ಪಿಹೋದರೆ ಬೇಗ ಗೊತ್ತಾಗುವುದಿಲ್ಲ. ಜಿಪ್ ಬಿಚ್ಚಲಿಕ್ಕೆ ಮತ್ತೆ ಅಷ್ಟೇ ಜಾಗ ಬೇರೆ ಬೇಕು. ಒಂದು ಫೈಲು ಇಳಿಸಿ, ಅದು ಮುಗಿದ ಮೇಲೆ ಇನ್ನೊಂದು. ಫೈಲು ದೊಡ್ಡದಾದ್ದರಿಂದ ವೈರಸ್ ಪರೀಕ್ಷೆ ಮಾಡಲಿಕ್ಕೆ ಆಗುವುದಿಲ್ಲ ಅಂತ ಒಂದು ಎಚ್ಚರಿಕೆ ಬರುತ್ತದೆ. ಹೆದರಬೇಡಿ, `Download anyway` ಒತ್ತಿ.

ಮನೆಯ ವೈಫೈ 100 ಎಂಬಿಪಿಎಸ್ ಪೂರ್ತಿ ಕೊಟ್ಟರೂ ಮೂರು ಮಾಸ್ಟರಿಗೆ ಮೂರೂವರೆ ಗಂಟೆಗಿಂತ ಜಾಸ್ತಿ ಬೇಕು. 40 ಸಿಕ್ಕಿದರೆ ಒಂಬತ್ತು ಗಂಟೆ ದಾಟುತ್ತದೆ. ಮೊಬೈಲ್ ಹಾಟ್‌ಸ್ಪಾಟಲ್ಲಿ ಇದಕ್ಕೆ ಕೈ ಹಾಕಲೇಬೇಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಸ್ಲೀಪ್ ಆಗದ ಹಾಗೆ ಸೆಟ್ಟಿಂಗ್ ಬದಲಿಸಿ, ಮುಚ್ಚಳ ತೆರೆದೇ ಇಡಿ. ಇನ್ವರ್ಟರಿಗೆ ಮೋಡೆಮ್ ಕೂಡ ಸೇರಿಸಿ, ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಮಾತ್ರ ಓಡುತ್ತಿದ್ದರೆ ಪ್ರಯೋಜನ ಇಲ್ಲ. ಆದರೆ ಗುಡುಗು ಸಿಡಿಲು ಶುರುವಾದರೆ ಎಲ್ಲ ಪ್ಲಗ್ ತೆಗೆಯಿರಿ. ಡೌನ್‌ಲೋಡ್ ಮತ್ತೆ ಮಾಡಬಹುದು. ನಡುವೆ ನಿಂತರೆ ಕ್ರೋಮ್‌ನಲ್ಲಿ `Ctrl+J` ಒತ್ತಿ, `Resume` ಕೊಡಿ. ಕೆಲವೊಮ್ಮೆ ಮೊದಲಿಂದಲೇ ಶುರು ಮಾಡಬೇಕಾಗುತ್ತದೆ. ಹೆಸರಿನ ಕೊನೆಗೆ `.crdownload` ಅಂತ ಇದ್ದರೆ ಅದು ಇನ್ನೂ ಅರ್ಧದ ಫೈಲು, ಹೆಸರು ಬದಲಿಸಿದರೆ ಪೂರ್ತಿ ಆಗುವುದಿಲ್ಲ.

ಇದೆಲ್ಲ ರಗಳೆ ಅನಿಸಿದರೆ ಯಾರಾದರೂ ಪಡುಬಿದ್ರಿಯಿಂದ ಮಂಗಳೂರಿಗೆ ಬರುವಾಗ ಡಿಸ್ಕ್ ಕೊಟ್ಟು ಕಳಿಸಿ. ಕದ್ರಿಯ ನನ್ನ ರೂಮಲ್ಲಿ ಕಾಪಿ ಮಾಡಿ ಕೊಡುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟು ದೊಡ್ಡ ಫೈಲಿಗೆ ನನಗೆ ಇದೇ ಜಾಸ್ತಿ ಇಷ್ಟ.

ಯಾವ ದಾರಿಯಲ್ಲಿ ಬಂದರೂ ಫೈಲು ಪೂರ್ತಿ ಬಂದಿದೆಯಾ ನೋಡಬೇಕು. ಮ್ಯಾಕಲ್ಲಿ 55 ಅಂತ ಕಾಣುವ ಫೈಲು ವಿಂಡೋಸಲ್ಲಿ 51.2 ಅಂತ ಕಾಣುತ್ತದೆ. ಎರಡೂ ಲೆಕ್ಕ ಹಾಕುವ ರೀತಿ ಬೇರೆ, ಏನೂ ಕಳೆದುಹೋಗಿಲ್ಲ. ಸರಿಯಾದ ಪರೀಕ್ಷೆ ಅಂದರೆ ಚೆಕ್‌ಸಮ್, ಫೈಲಿನಿಂದ ಲೆಕ್ಕ ಹಾಕಿ ಬರುವ ಅಕ್ಷರಗಳ ಒಂದು ಸಾಲು. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ನಿಮ್ಮ ಅಳಿಯನ ಹತ್ತಿರ ಹೇಳಿ, ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹಾಕಲಿ. ಡಿಸ್ಕಿನ ಅಕ್ಷರ `E` ಅಲ್ಲದಿದ್ದರೆ ಅದನ್ನು ಬದಲಿಸಬೇಕು.

```
certutil -hashfile "E:\Seve_01_MASTER.mov" SHA256
```

ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ, ಕಾಯಬೇಕು. ಆಮೇಲೆ ಬರುವ 64 ಅಕ್ಷರಗಳ ಸಾಲು ಫೋಲ್ಡರಿನ `SHA256.txt` ಫೈಲಿನಲ್ಲಿ ಇರುವುದರ ಜೊತೆ ಹೊಂದಬೇಕು. ಆರೂ ಫೈಲಿಗೆ ಹೀಗೆ ನೋಡಲಿ. ಹೊಂದದಿದ್ದರೆ ಆ ಒಂದು ಫೈಲನ್ನು ಮಾತ್ರ ಪುನಃ ಇಳಿಸಿದರೆ ಸಾಕು.

ಇದು ಕಂಪ್ಯೂಟರ್ ಮಾಡುವ ಪರೀಕ್ಷೆ. ಕಣ್ಣು ಕಿವಿಯಲ್ಲಿ ಮಾಡುವುದು ಬೇರೆಯೇ ಇದೆ, ಅದಕ್ಕೆ ನೀವೇ ಬೇಕು. ಗೂಗಲ್ ಡ್ರೈವಿನಲ್ಲೇ ಪ್ಲೇ ಮಾಡಿ ತೀರ್ಮಾನಿಸಬೇಡಿ, ಅಲ್ಲಿ ಕಾಣುವುದು ಕುಗ್ಗಿಸಿದ ಚಿತ್ರ. ಡಿಸ್ಕಿನಿಂದ ವಿಎಲ್‌ಸಿಯಲ್ಲಿ ಹಾಕಿ, ಹೆಡ್‌ಫೋನ್ ಇಟ್ಟುಕೊಳ್ಳಿ. ವ್ಯೂ ಫೈಲು ಮೂರನ್ನೂ ಪೂರ್ತಿ ನೋಡಿ. ಮಾಸ್ಟರಲ್ಲಿ ಶುರು, ನಡುವೆ, ಕೊನೆ ನೋಡಿದರೆ ಸಾಕು.

ಮುಖ್ಯವಾಗಿ ಚೆಂಡೆ. ಕೋಲು ಬೀಳುವುದಕ್ಕೂ ಪೆಟ್ಟು ಕೇಳುವುದಕ್ಕೂ ಅಂತರ ಇದೆಯಾ ಅಂತ ಪ್ರತಿ ಭಾಗದ ಕೊನೆಯಲ್ಲಿ ನೋಡಿ. ಧ್ವನಿ ಜಾರಿದ್ದರೆ ಅಲ್ಲೇ ಎದ್ದು ಕಾಣುತ್ತದೆ. ಚಕ್ರತಾಳ ಬರುವಲ್ಲಿ ಶಬ್ದ ಒಡೆಯುತ್ತದಾ, ಭಾಗವತರ ಪದ ಎರಡೂ ಕಿವಿಯಲ್ಲಿ ಕೇಳುತ್ತದಾ ಗಮನಿಸಿ. ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬರುವಾಗ ರಾಳದ ಬೆಂಕಿ, ಹೊಗೆ ತುಂಬಾ ಇತ್ತು. ಆ ಹೊಗೆಯಲ್ಲಿ ವ್ಯೂ ಫೈಲು ಚೌಕ ಚೌಕವಾಗಿ ಒಡೆದ ಹಾಗೆ ಕಂಡರೆ ಅದೇ ಜಾಗವನ್ನು ಮಾಸ್ಟರಲ್ಲೂ ನೋಡಿ. ಅಲ್ಲಿ ಸರಿ ಇದ್ದರೆ ವ್ಯೂ ಫೈಲನ್ನು ಮಾತ್ರ ಬೇರೆ ಮಾಡಿ ಕೊಡುತ್ತೇನೆ.

ಮತ್ತೆ ಹೆಸರುಗಳು. ಹಿಮ್ಮೇಳ, ಮುಮ್ಮೇಳ, ಚೌಕಿಯ ಕೆಲಸದವರು, ನಿಮ್ಮ ಕುಟುಂಬದ ಹಿರಿಯರು, ಎಲ್ಲರ ಹೆಸರೂ ಕೊನೆಯಲ್ಲಿ ಬರುತ್ತವೆ. ಕಾಗುಣಿತ ಮಾತ್ರ ಅಲ್ಲ, ಯಾರ ಹೆಸರು ಮೊದಲು ಯಾರದು ನಂತರ ಅಂತಲೂ ನೋಡಿ. ರಾತ್ರಿಯಿಡೀ ಕುಣಿದವರ ಹೆಸರು ತಪ್ಪಾಗಿ ಹೋಗಬಾರದು, ಅಲ್ವಾ? ಸಾಧ್ಯವಾದರೆ ಆ ಪಟ್ಟಿಯನ್ನು ಒಮ್ಮೆ ಭಾಗವತರಿಗೂ ತೋರಿಸಿ.

ತಿದ್ದುಪಡಿ ಇದ್ದರೆ ಎಲ್ಲರದ್ದನ್ನೂ ನೀವೊಬ್ಬರೇ ಸೇರಿಸಿ ಒಂದೇ ಸಲ ಕಳಿಸಿ. ಮಾತಾಡಿಕೊಂಡ ದರದಲ್ಲಿ ಒಂದು ಸುತ್ತು ತಿದ್ದುವುದು ಸೇರಿದೆ. "ಆ ಕುಣಿತದ ಹತ್ತಿರ" ಅಂದರೆ ನನಗೆ ಹುಡುಕಲಿಕ್ಕೆ ಕಷ್ಟ. ಹೀಗೆ ಬರೆಯಿರಿ: ಭಾಗ 3, 00:58:12, ಮದ್ದಳೆಯವರ ಹೆಸರಲ್ಲಿ ದೀರ್ಘ ಬಿಟ್ಟಿದೆ.

ಎಲ್ಲ ಸರಿ ಇದ್ದರೆ ಮೊದಲು ಮಾಸ್ಟರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ. ಆಮೇಲೆ ವಾಟ್ಸಾಪಲ್ಲಿ "ಆರೂ ಫೈಲು ಪರೀಕ್ಷಿಸಿದ್ದೇವೆ, ಎರಡು ಕಾಪಿ ಇದೆ, ಕಚ್ಚಾ ಶೂಟಿಂಗ್ ಅಳಿಸಬಹುದು" ಅಂತ ಬರೆದು ಕಳಿಸಿ. ಆ ಮೆಸೇಜ್ ಬರುವವರೆಗೆ ನಾನು ಏನನ್ನೂ ಅಳಿಸುವುದಿಲ್ಲ. 10ನೇ ತಾರೀಕಿನೊಳಗೆ ಆಗುವುದಿಲ್ಲ ಅಂತಾದರೆ ಒಂದು ಫೋನ್ ಮಾಡಿ, ಲಿಂಕ್ ಮುಂದುವರಿಸುತ್ತೇನೆ. ಬಾಕಿ ಹಣ ಪರೀಕ್ಷೆ ಮುಗಿದ ಮೇಲೆ ಕಳಿಸಿದರೆ ಸಾಕು.

ನಿಮ್ಮ
ಪ್ರಶಾಂತ