ಕ್ರೀಡಾ ಇತಿಹಾಸ ರಸಪ್ರಶ್ನೆ: ಪ್ರಶ್ನೆ ಓದುವವರ ಪ್ರತಿ

ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಗಳ ಸ್ಪರ್ಧೆಗೆ. ಆರು ತಂಡ, ತಂಡಕ್ಕೆ ಇಬ್ಬರು. ಪ್ರಶ್ನೆಗೆ ಎರಡು ಅಂಕ.

ಪ್ರಶ್ನೆಯನ್ನು ನಿಧಾನವಾಗಿ ಎರಡು ಸಲ ಓದಿ, ಆಮೇಲಷ್ಟೇ ಮೂವತ್ತು ಸೆಕೆಂಡ್ ಎಣಿಸಿ. ಬಜರ್ ಇಟ್ಟಿಲ್ಲ. ಬಜರ್ ಇದ್ದರೆ ಧೈರ್ಯದ ಮಕ್ಕಳು ಗೆಲ್ಲುತ್ತಾರೆ, ಗೊತ್ತಿದ್ದೂ ಅಳುಕುವ ಮಕ್ಕಳು ಸೋಲುತ್ತಾರೆ. ಎಲ್ಲ ತಂಡಕ್ಕೂ ಒಂದೇ ಪ್ರಶ್ನೆ. ಉತ್ತರವನ್ನು ಸ್ಲೇಟಿನಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸಲಿ. ಕಾಗುಣಿತ ತಪ್ಪಿದ್ದಕ್ಕೆ ಅಂಕ ಕಳೆಯಬೇಡಿ, ಇಂಗ್ಲಿಷಿನಲ್ಲಿ ಬರೆದರೂ ಒಪ್ಪಿಕೊಳ್ಳಿ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಊರುಗಳಿಂದಲೂ ಮಕ್ಕಳು ಬರುತ್ತಾರೆ. ಹಾಗಾಗಿ ಟಿವಿ ನೋಡಿದವರಿಗಷ್ಟೇ ಗೊತ್ತಾಗುವ ಮೊನ್ನೆಯ ಪಂದ್ಯಗಳನ್ನು ಕೇಳಿಲ್ಲ. ನಾಳೆ ಮುರಿಯಬಹುದಾದ ದಾಖಲೆಗಳನ್ನೂ ಕೇಳಿಲ್ಲ.

1. ಭದ್ರಾವತಿಯಲ್ಲಿ ಹುಟ್ಟಿದ ಈ ಬ್ಯಾಟ್ಸ್‌ಮನ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಯಾರು?
ಉತ್ತರ: ಜಿ.ಆರ್. ವಿಶ್ವನಾಥ್. ಗುಂಡಪ್ಪ ವಿಶ್ವನಾಥ್, ವಿಶಿ, ಬರೀ ವಿಶ್ವನಾಥ್, ಎಲ್ಲವೂ ಸರಿ.
ಅಂಕ ಕೊಟ್ಟ ಮೇಲೆ ಇದನ್ನೂ ಮಕ್ಕಳಿಗೆ ಓದಿ ಹೇಳಿ: 1980ರಲ್ಲಿ ಬಾಂಬೆಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ವಿಶ್ವನಾಥ್ ಭಾರತದ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ಚೆಂಡು ತಾಗಿಲ್ಲವೆಂದು ವಿಶ್ವನಾಥ್ ಟೇಲರ್‌ರನ್ನು ವಾಪಸ್ ಕರೆದು ಆಡಿಸಿದರು. ಆ ಪಂದ್ಯ ಭಾರತ ಸೋತಿತು. ನಮ್ಮ ಜಿಲ್ಲೆಯ ಮಕ್ಕಳು ಇದನ್ನು ತಿಳಿಯದೆ ಮನೆಗೆ ಹೋಗಬಾರದು.

2. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದವರು ಯಾರು? ಯಾವ ಆಟದಲ್ಲಿ?
ಉತ್ತರ: ಕೆ.ಡಿ. ಜಾಧವ್, ಕುಸ್ತಿ (1952, ಹೆಲ್ಸಿಂಕಿ, ಕಂಚು). ಹೆಸರಿಗೊಂದು, ಆಟಕ್ಕೊಂದು ಅಂಕ.
‘ಸ್ವತಂತ್ರ’ ಮತ್ತು ‘ವೈಯಕ್ತಿಕ’, ಈ ಎರಡು ಪದಗಳನ್ನು ಒತ್ತಿ ಓದಿ. ‘ಸ್ವತಂತ್ರ’ ಬಿಟ್ಟುಹೋದರೆ 1900ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಬೆಳ್ಳಿ ಗೆದ್ದ ನಾರ್ಮನ್ ಪ್ರಿಚರ್ಡ್ ಎಂದು ಬರೆದ ಮಗುವಿನದ್ದೂ ಸರಿಯಾಗುತ್ತದೆ. ‘ವೈಯಕ್ತಿಕ’ ಬಿಟ್ಟುಹೋದರೆ 1948ರ ಹಾಕಿ ಚಿನ್ನ ಅಡ್ಡ ಬರುತ್ತದೆ. ಓದುವಾಗ ಪದ ತಪ್ಪಿತೋ, ಆ ಪ್ರಶ್ನೆಯನ್ನೇ ರದ್ದು ಮಾಡಿ ಮೀಸಲು ಪ್ರಶ್ನೆ ಕೇಳಿ.

3. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪುರುಷರ ಸಿಂಗಲ್ಸ್ ಗೆದ್ದ ಕನ್ನಡಿಗ ಯಾರು?
ಉತ್ತರ: ಪ್ರಕಾಶ್ ಪಡುಕೋಣೆ. ಗೋಪಿಚಂದ್ ಎಂದರೆ ತಪ್ಪು. ಅವರು ಗೆದ್ದದ್ದು 2001ರಲ್ಲಿ.

4. ಪುರುಷರ ಮೊದಲ ಕ್ರಿಕೆಟ್ ವಿಶ್ವಕಪ್ ನಡೆದದ್ದು 1975ರಲ್ಲಿ. ಮಹಿಳೆಯರ ಮೊದಲ ವಿಶ್ವಕಪ್ ಯಾವ ವರ್ಷ ನಡೆಯಿತು?
ಉತ್ತರ: 1973. ಹೌದು, ಹುಡುಗಿಯರದ್ದೇ ಮೊದಲು. ಇದನ್ನು ಗಟ್ಟಿಯಾಗಿ ಹೇಳಿ. ವರ್ಷ ಬರೆಯದೆ ಬರೀ ‘1975ಕ್ಕಿಂತ ಮೊದಲು’ ಎಂದರೆ ಅಂಕವಿಲ್ಲ.

5. 1975ರ ಹಾಕಿ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಭಾರತದ ಗೆಲುವಿನ ಗೋಲು ಹೊಡೆದ ಅಶೋಕ್ ಕುಮಾರ್ ಅವರ ತಂದೆಯೂ ಪ್ರಸಿದ್ಧ ಹಾಕಿ ಆಟಗಾರ. ಯಾರವರು?
ಉತ್ತರ: ಧ್ಯಾನ್ ಚಂದ್.

6. ಜನವರಿ 2025ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ಪುರುಷರ ಮತ್ತು ಮಹಿಳೆಯರ ಎರಡೂ ಫೈನಲ್‌ನಲ್ಲಿ ಭಾರತ ಸೋಲಿಸಿದ್ದು ಯಾವ ದೇಶವನ್ನು?
ಉತ್ತರ: ನೇಪಾಳ. ಇಷ್ಟು ಈಚಿನದ್ದು ಇದೊಂದೇ. ಪ್ರತಿ ಶಾಲೆಯ ಅಂಗಳದಲ್ಲೂ ಆಡುವ ಆಟವಾದ್ದರಿಂದ ಬಿಡಲು ಮನಸ್ಸಾಗಲಿಲ್ಲ.

7. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ಪಡೆದರು. ಅದಕ್ಕೂ ಮೊದಲು ಟೆಸ್ಟ್‌ನಲ್ಲಿ ಈ ಸಾಧನೆ ಮಾಡಿದ್ದ ಒಬ್ಬರೇ ಬೌಲರ್ ಯಾರು?
ಉತ್ತರ: ಜಿಮ್ ಲೇಕರ್, ಇಂಗ್ಲೆಂಡ್, 1956. ಬರೀ ‘ಲೇಕರ್’ ಸಾಕು. ಏಜಾಜ್ ಪಟೇಲ್ 2021ರವರು, ಅಂಕವಿಲ್ಲ. ಈ ಪಟ್ಟಿಯಲ್ಲಿ ಕಷ್ಟದ ಪ್ರಶ್ನೆ ಇದೇ, ಆದ್ದರಿಂದ ಇದಕ್ಕೆ ಹದಿನೈದು ಸೆಕೆಂಡ್ ಹೆಚ್ಚಿಗೆ ಕೊಡಿ.

ಮೀಸಲು: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿದ ಭಾರತದ ಓಟಗಾರ್ತಿ ಯಾರು? ಸ್ಪರ್ಧೆ ಯಾವುದು?
ಉತ್ತರ: ಪಿ.ಟಿ. ಉಷಾ, 400 ಮೀಟರ್ ಹರ್ಡಲ್ಸ್. ಹೆಸರಿಗೊಂದು, ಸ್ಪರ್ಧೆಗೊಂದು ಅಂಕ. ‘400 ಮೀಟರ್’ ಎಂದಷ್ಟೇ ಬರೆದರೆ ಸ್ಪರ್ಧೆಯ ಅಂಕ ಇಲ್ಲ; ಅದು ಬೇರೆಯೇ ಓಟ.

ಅಂಕ ಸಮ ಬಂದರೆ: ಮೊದಲ ಪ್ರಶ್ನೆಯ ವಿಶ್ವನಾಥ್ ಟೆಸ್ಟ್ ಕ್ರಿಕೆಟ್‌ನಲ್ಲಿ ಒಟ್ಟು ಎಷ್ಟು ರನ್ ಗಳಿಸಿದರು?
ಉತ್ತರ: 91 ಟೆಸ್ಟ್‌ಗಳಲ್ಲಿ 6080. ಹತ್ತಿರದ ಸಂಖ್ಯೆ ಬರೆದ ತಂಡಕ್ಕೆ ಗೆಲುವು, ಹೆಚ್ಚಾಗಿದ್ದರೂ ಸರಿ, ಕಡಿಮೆಯಾಗಿದ್ದರೂ ಸರಿ. ಅಂತರವೂ ಸಮವಾದರೆ ಎರಡೂ ತಂಡಕ್ಕೆ ಪ್ರಥಮ ಬಹುಮಾನ ಕೊಡಿ, ಚೀಟಿ ಎತ್ತಬೇಡಿ.