ವಿಷಯ: ಡೆಂಗಿ ಚಿಕಿತ್ಸೆಯ ಕ್ಲೇಮ್ ತಿರಸ್ಕಾರ – ಮರುಪರಿಶೀಲನೆಗೆ ಮನವಿ (ಕ್ಲೇಮ್ ಸಂಖ್ಯೆ 24071866)

ಕುಂದುಕೊರತೆ ಅಧಿಕಾರಿಗಳಿಗೆ,

ನಮಸ್ಕಾರ. ನಮ್ಮ ತಾಯಿ ಸಾವಿತ್ರಮ್ಮ (58 ವರ್ಷ) ಅವರ ಕ್ಲೇಮ್ ತಿರಸ್ಕರಿಸಿ ನೀವು 19-08-2024ರಂದು ಬರೆದ ಪತ್ರ ಸಿಕ್ಕಿತು. ಆ ನಿರ್ಧಾರವನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು ಕ್ಲೇಮನ್ನು ಮತ್ತೆ ಪರಿಶೀಲಿಸಿ.

ಪಾಲಿಸಿ ಸಂಖ್ಯೆ: 5519023847, ಫ್ಯಾಮಿಲಿ ಫ್ಲೋಟರ್, 5 ಲಕ್ಷ ರೂ.
ಪಾಲಿಸಿದಾರರು: ರೇಖಾ ಮಂಜುನಾಥ್, ದಾವಣಗೆರೆ
ಪಾಲಿಸಿ ಶುರುವಾದದ್ದು: ಮಾರ್ಚ್ 2019. ಒಂದು ವರ್ಷವೂ ತಪ್ಪದೆ ನವೀಕರಿಸಿದ್ದೇನೆ
ಆಸ್ಪತ್ರೆಯಲ್ಲಿದ್ದದ್ದು: 09-07-2024ರಿಂದ 14-07-2024
ಕೇಳಿದ ಮೊತ್ತ: 48,260 ರೂ.

‘ದಾಖಲಾಗುವ ಅಗತ್ಯ ಇರಲಿಲ್ಲ, ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯಬಹುದಿತ್ತು’ ಎಂಬುದು ನೀವು ಕೊಟ್ಟ ಕಾರಣ. ಹೊರರೋಗಿ ಚಿಕಿತ್ಸೆ ಮೊದಲೇ ಆಗಿತ್ತು. ಜುಲೈ 6ರಿಂದ ಮನೆ ಹತ್ತಿರದ ಡಾಕ್ಟರ್ ಬಳಿ ತೋರಿಸಿ ಮಾತ್ರೆ ತೆಗೆದುಕೊಂಡೆವು. 9ರ ರಾತ್ರಿ ವಾಂತಿ ನಿಲ್ಲಲಿಲ್ಲ, ಹೊಟ್ಟೆನೋವು ಜಾಸ್ತಿಯಾಯಿತು, ವಸಡಿನಿಂದ ರಕ್ತ ಬಂತು, ಬಿ.ಪಿ. 90/60ಕ್ಕೆ ಇಳಿದಿತ್ತು. ಡೆಂಗಿಯಲ್ಲಿ ಇವೆಲ್ಲ ಅಪಾಯದ ಲಕ್ಷಣಗಳು. ಹೀಗಿರುವವರನ್ನು ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಳ್ಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ.

ಪ್ಲೇಟ್‌ಲೆಟ್ 9ರಂದು 92,000 ಇತ್ತು. 10ಕ್ಕೆ 54,000, 11ಕ್ಕೆ 31,000. ಆ ದಿನಗಳಲ್ಲಿ ಜ್ವರ ಇಳಿದಿತ್ತು ನಿಜ. ಆದರೆ ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯದ್ದು. ಬಾಯಲ್ಲಿ ನೀರೂ ನಿಲ್ಲದವರಿಗೆ ಮನೆಯಲ್ಲಿ ಡ್ರಿಪ್ ಹಾಕಲು ಆಗುವುದಿಲ್ಲ ಅಲ್ವಾ?

ನಿಮ್ಮ ಪತ್ರದಲ್ಲಿ ‘ರೋಗಿ ಸ್ಥಿರವಾಗಿದ್ದರು’ ಎಂಬ ಸಾಲಿದೆ. ಅದು ಡಿಸ್ಚಾರ್ಜ್ ಸಾರಾಂಶದ ಕೊನೆಯ ಸಾಲು, 14ರ ಸ್ಥಿತಿಯನ್ನು ಹೇಳುವಂಥದ್ದು. ದಾಖಲಾದ ದಿನದ ಸ್ಥಿತಿ ಕೇಸ್ ಶೀಟ್‌ನಲ್ಲಿದೆ. ಅದನ್ನು ನೋಡಿ ತೀರ್ಮಾನಿಸಿ.

ಇನ್ನೊಂದು ವಿಷಯ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಪತ್ರದಲ್ಲಿ ಎಲ್ಲೂ ಇಲ್ಲ. ಅದನ್ನು ತಿಳಿಸಬೇಕು, ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸಬಾರದು ಎಂದು ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ತಿರಸ್ಕಾರವೇ ಸರಿ ಎಂದು ನಿಮಗೆ ಈಗಲೂ ಅನ್ನಿಸಿದರೆ ಷರತ್ತಿನ ಸಂಖ್ಯೆ ಮತ್ತು ಸಮಿತಿ ಒಪ್ಪಿದ ದಿನಾಂಕವನ್ನು ಬರೆದು ಕಳಿಸಿ.

ಲಗತ್ತುಗಳು:
1. ತಿರಸ್ಕಾರ ಪತ್ರ, ಪಾಲಿಸಿ ಪ್ರತಿ
2. ಜುಲೈ 6ರ ಹೊರರೋಗಿ ಚೀಟಿ, ಔಷಧಿ ಬಿಲ್
3. ಎನ್‌ಎಸ್‌1 ಪಾಸಿಟಿವ್ ವರದಿ, ಪ್ರತಿದಿನದ ರಕ್ತಪರೀಕ್ಷೆಗಳು
4. ಪೂರ್ತಿ ಕೇಸ್ ಶೀಟ್, ನರ್ಸಿಂಗ್ ಚಾರ್ಟ್ (ಮೊದಲ ಸಲ ಇದನ್ನು ನೀವು ಕೇಳಿರಲಿಲ್ಲ)
5. ದಾಖಲಾತಿ ಏಕೆ ಬೇಕಾಯಿತು ಎಂದು ಚಿಕಿತ್ಸೆ ಕೊಟ್ಟ ವೈದ್ಯರು ಬರೆದ ಪತ್ರ
6. ಡಿಸ್ಚಾರ್ಜ್ ಸಾರಾಂಶ, ಬಿಲ್ಲು, ರಸೀದಿ

ಕೈಗವಸಿನಂಥ ವಸ್ತುಗಳಿಗೆ ಪಾಲಿಸಿ ಪ್ರಕಾರ ಕಡಿತ ಮಾಡಿದರೆ ನನ್ನ ತಕರಾರಿಲ್ಲ. ಉಳಿದ ಹಣ ಕೊಡಿ. 14 ದಿನಗಳೊಳಗೆ ಲಿಖಿತ ಉತ್ತರ ಬೇಕು. ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡುತ್ತೇನೆ.

ಇಂತಿ,
ರೇಖಾ ಮಂಜುನಾಥ್
02-09-2024
(ಪಾಲಿಸಿಯಲ್ಲಿ ನೋಂದಾಯಿಸಿದ ಮೊಬೈಲಿಗೇ ಕರೆ ಮಾಡಬಹುದು)