‘ಸಂಸ್ಕಾರ’ ಪ್ರಬಂಧಕ್ಕೆ ಅಂಕ ಹೇಗೆ ಕೊಡುತ್ತೇನೆ: ಬಿ.ಎ. ಎರಡನೇ ವರ್ಷ, ಐಚ್ಛಿಕ ಕನ್ನಡ

ಒಟ್ಟು 25 ಅಂಕ. 900ರಿಂದ 1200 ಪದ. ಕೈಬರಹ ಆದರೂ ಸರಿ, ಟೈಪ್ ಮಾಡಿದರೂ ಸರಿ.

ಪ್ರಶ್ನೆ ಇದು: ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಬರುವ ಒಂದು ಧರ್ಮಸಂಕಟವನ್ನು ಆರಿಸಿಕೊಳ್ಳಿ. ಅದರಲ್ಲಿ ಸಿಕ್ಕಿಕೊಂಡವರು ಏನು ಮಾಡಿದರು, ಅದು ಸರಿಯೇ ಎಂದು ಚರ್ಚಿಸಿ.

ಹೋದ ವರ್ಷ ಈ ಹಾಳೆ ಇರಲಿಲ್ಲ. ಓದುತ್ತಾ ಹೋದ ಹಾಗೆ ಅಂಕ ಹಾಕಿದೆ. ಬೆಳಿಗ್ಗೆ ನೋಡಿದ ಪ್ರಬಂಧಕ್ಕೆ 16, ಅದೇ ಗುಣದ್ದನ್ನು ರಾತ್ರಿ ನೋಡಿದಾಗ 12. ಇಬ್ಬರು ಹುಡುಗಿಯರು ತಮ್ಮ ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟು ‘ಸರ್, ವ್ಯತ್ಯಾಸ ಏನು?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ಸಲ ಬರೆಯುವ ಮೊದಲೇ ನಿಮ್ಮ ಕೈಗೆ ಇದನ್ನು ಕೊಡುತ್ತಿದ್ದೇನೆ.

1. ಸಂಕಟ ಏನೆಂದು ಹಿಡಿದಿದ್ದೀರಾ? (9 ಅಂಕ)

ಅತಿ ಹೆಚ್ಚು ಅಂಕ ಇಲ್ಲಿದೆ, ಅತಿ ಹೆಚ್ಚು ಜನ ಎಡವುವುದೂ ಇಲ್ಲೇ. ಒಳ್ಳೆಯವನು, ಕೆಟ್ಟವನು ಜಗಳವಾಡಿದರೆ ಅದು ಧರ್ಮಸಂಕಟ ಅಲ್ಲ. ಯಾವ ದಾರಿ ಹಿಡಿದರೂ ಏನೋ ಒಂದು ಒಡೆಯುತ್ತದೆ ಎಂಬ ಇಕ್ಕಟ್ಟು ಇರಬೇಕು. ನಾರಣಪ್ಪನ ಹೆಣದ ವಿಷಯವನ್ನೇ ನೋಡಿ. ಅವನು ಬ್ರಾಹ್ಮಣ್ಯ ಬಿಟ್ಟಿದ್ದ, ಆದರೆ ಅಗ್ರಹಾರ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾಗಿ ಸುಡಬೇಕಾದವರು ಬ್ರಾಹ್ಮಣರೇ. ಸುಟ್ಟರೆ ಮೈಲಿಗೆ. ಸುಡದೆ ಬಿಟ್ಟರೆ ಊರಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಮೂರೂ ಕಡೆಯಿಂದ ಬಾಗಿಲು ಮುಚ್ಚಿದೆ, ಅಲ್ವಾ? ಅದನ್ನು ತೋರಿಸಿ.

8–9: ಎರಡೂ ಕಡೆಯ ಎಳೆತ ಕಾಣುತ್ತದೆ, ಎರಡಕ್ಕೂ ತೂಕವಿದೆ. ‘ಕಾಯಿಲೆಯ ಹೆಂಡತಿಯ ಸೇವೆಯನ್ನು ಪ್ರಾಣೇಶಾಚಾರ್ಯರು ತ್ಯಾಗ ಎಂದುಕೊಂಡಿದ್ದಾರೆ. ಆದರೆ ತನ್ನ ತಪಸ್ಸಿಗಾಗಿ ಇನ್ನೊಬ್ಬರ ರೋಗವನ್ನು ಬಳಸಿಕೊಳ್ಳುವುದು ತ್ಯಾಗವಾಗುತ್ತದೆಯೇ?’ ಈ ಥರ ಕೇಳಿದವರಿಗೆ ಇಲ್ಲಿ ಜಾಗ.

5–7: ಇಕ್ಕಟ್ಟನ್ನು ಸರಿಯಾಗಿ ಹೆಸರಿಸಿದ್ದೀರಿ, ಆದರೆ ಒಂದು ಪಕ್ಷವನ್ನು ಎರಡೇ ಸಾಲಲ್ಲಿ ತಳ್ಳಿಹಾಕಿದ್ದೀರಿ.

2–4: ‘ಮಡಿವಂತಿಕೆ ಕೆಟ್ಟದ್ದು ಎಂದು ಕಾದಂಬರಿ ಹೇಳುತ್ತದೆ’ ಎಂಬ ಧಾಟಿ. ಇದು ಅಭಿಪ್ರಾಯ, ನನಗೂ ಇರಬಹುದು. ಆದರೆ ಇದನ್ನು ಹೇಳುವುದಕ್ಕೆ ಈ ಪುಸ್ತಕವೇ ಬೇಕಾಗಿಲ್ಲ.

0–1: ಕಥೆಯ ಸಾರಾಂಶ ಮಾತ್ರ. ನಾನೂ ಓದಿದ್ದೇನೆ, ನನಗೆ ಕಥೆ ಹೇಳಬೇಡಿ.

2. ಪುಸ್ತಕದಿಂದ ಸಾಕ್ಷಿ (7 ಅಂಕ)

ಕನಿಷ್ಠ ಮೂರು ಸನ್ನಿವೇಶ ಬೇಕು. ಮೂರೂ ಒಂದೇ ಭಾಗದಿಂದ ಬೇಡ, ಕಾದಂಬರಿಗೆ ಮೂರು ಭಾಗಗಳಿವೆ. ನಿಮ್ಮ ಹತ್ತಿರ ಇರುವ ಮುದ್ರಣಗಳು ಬೇರೆ ಬೇರೆ, ಪುಟಸಂಖ್ಯೆ ಕೊಟ್ಟರೂ ನಾನು ಹುಡುಕಬೇಕಾಗುತ್ತದೆ. ‘ಎರಡನೇ ಭಾಗ, ಇಂಥ ಸಂದರ್ಭ’ ಎಂದರೆ ಸಾಕು.

6–7 ಅಂಕ ಸಿಗುವುದು ಸನ್ನಿವೇಶವನ್ನು ಬಿಡಿಸಿದವರಿಗೆ. ಚಂದ್ರಿ ಒಡವೆ ಬಿಚ್ಚಿಟ್ಟ ಘಟನೆಯನ್ನು ಎಲ್ಲರೂ ಬರೆಯುತ್ತಾರೆ. ಅದಕ್ಕೆ ಮುಂಚೆ ಶವಸಂಸ್ಕಾರ ನನಗೆ ಬೇಡ, ನಿನಗಿರಲಿ ಎನ್ನುತ್ತಿದ್ದವರು ಚಿನ್ನ ಕಂಡ ಮೇಲೆ ಹೇಗೆ ಮಾತು ತಿರುಗಿಸಿದರು, ಆ ತಿರುವಿನಿಂದ ‘ಧರ್ಮ’ ಎಂಬ ಮಾತಿಗೇ ಏನಾಯಿತು ಎಂದು ಬರೆದವರು ಕಡಿಮೆ. ಘಟನೆ ಹೇಳಿ ಸುಮ್ನೆ ಮುಂದಕ್ಕೆ ಹೋದರೆ 3–5. ಸಿನಿಮಾ ನೋಡಿ ಬರೆದರೆ 0–2. ನನಗೆ ಗೊತ್ತಾಗುತ್ತದೆ, ಖಂಡಿತ ಗೊತ್ತಾಗುತ್ತದೆ.

ಒಂದು ಮಾತು. ಪ್ರತಿ ವರ್ಷ 40 ಪ್ರಬಂಧಗಳಲ್ಲಿ 35 ಆಚಾರ್ಯರ ಬಗ್ಗೆಯೇ ಇರುತ್ತವೆ. ತಪ್ಪಿಲ್ಲ. ಆದರೆ ಊರೆಲ್ಲ ಶಾಸ್ತ್ರ ಹುಡುಕುತ್ತಾ ಕೂತಿದ್ದಾಗ ರಾತ್ರೋರಾತ್ರಿ ಹೆಣ ಸುಡಿಸಿದವಳು ಚಂದ್ರಿ, ಅದೂ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಸಹಾಯದಿಂದ. ಅಗ್ರಹಾರದವರಿಗೆ ಅದು ಗೊತ್ತೂ ಆಗಲಿಲ್ಲ. ಅವಳಿಗೆ ಇದ್ದ ಸಂಕಟ ಯಾವುದು? ಇದನ್ನು ಆರಿಸಿದವರಿಗೆ ಬೋನಸ್ ಅಂಕ ಏನೂ ಇಲ್ಲ. ಹೊಸದನ್ನು ಹೇಳಲು ಅಲ್ಲಿ ಜಾಗ ಜಾಸ್ತಿ ಇದೆ, ಅಷ್ಟೇ.

3. ನಿಮ್ಮ ತೀರ್ಪು (5 ಅಂಕ)

‘ಸರಿಯೇ?’ ಎಂದು ಕೇಳಿದ್ದೇನೆ. ಉತ್ತರ ಬೇಕು. ‘ಎರಡೂ ಕಡೆ ಸತ್ಯವಿದೆ’ ಎಂದು ಜಾರಿಕೊಂಡರೆ 2ಕ್ಕಿಂತ ಹೆಚ್ಚು ಸಿಗುವುದಿಲ್ಲ. ನೀವು ಯಾವ ಪಕ್ಷ ಹಿಡಿದರೂ ನನಗೆ ಒಂದೇ. ಆಚಾರ್ಯರು ನಡೆದದ್ದನ್ನು ಕೂಡಲೇ ಎಲ್ಲರ ಮುಂದೆ ಹೇಳಬೇಕಿತ್ತು ಎನ್ನಿ, ಮುಚ್ಚಿಟ್ಟದ್ದೇ ಮನುಷ್ಯಸಹಜ ಎನ್ನಿ. ಎದುರಾಳಿಯ ಅತಿ ಗಟ್ಟಿ ವಾದವನ್ನು ಎತ್ತಿಕೊಂಡು ಅದಕ್ಕೆ ಉತ್ತರ ಕೊಟ್ಟಿದ್ದರೆ 5.

ಕಾದಂಬರಿ ಮುಗಿಯುವಾಗ ಆಚಾರ್ಯರು ದೂರ್ವಾಸಪುರದ ದಾರಿಯಲ್ಲಿದ್ದಾರೆ, ಇನ್ನೂ ತಲುಪಿಲ್ಲ. ‘ಕೊನೆಗೆ ಅವರಿಗೆ ಬಿಡುಗಡೆ ಸಿಕ್ಕಿತು’ ಎಂದು ಬರೆದರೆ ಇಲ್ಲಿ 1 ಅಂಕ ಕಳೆಯುತ್ತೇನೆ. ಪುಸ್ತಕ ಹೇಳದ್ದನ್ನು ಅದರ ಬಾಯಿಗೆ ತುರುಕಬೇಡಿ.

4. ಕಟ್ಟಿದ ರೀತಿ (3 ಅಂಕ)

ಮೊದಲ ಪ್ಯಾರಾದಲ್ಲೇ ಯಾವ ಸಂಕಟ ಎಂದು ಗೊತ್ತಾಗಬೇಕು. ಲೇಖಕರ ಜೀವನಚರಿತ್ರೆ, ಪ್ರಶಸ್ತಿಗಳ ಪಟ್ಟಿ, ನವ್ಯ ಸಾಹಿತ್ಯದ ಪೀಠಿಕೆ ಇವು ಯಾವುದೂ ಬೇಡ. ಒಂದು ಪ್ಯಾರಾ ಇನ್ನೊಂದಕ್ಕೆ ಕೈ ಕೊಟ್ಟು ಕರೆದುಕೊಂಡು ಹೋಗಬೇಕು. ಹೋದರೆ 3, ಅಲ್ಲಲ್ಲಿ ಕೈ ಬಿಟ್ಟರೆ 2, ಪ್ಯಾರಾಗಳನ್ನು ಹಿಂದೆ ಮುಂದೆ ಮಾಡಿದರೂ ವ್ಯತ್ಯಾಸ ತಿಳಿಯದಿದ್ದರೆ 1.

5. ಭಾಷೆ (1 ಅಂಕ)

ಹೌದು, ಒಂದೇ. ಕಾಗುಣಿತದ ತಪ್ಪಿಗೆ ಗುರುತು ಹಾಕುತ್ತೇನೆ, ಅಂಕ ಕಳೆಯುವುದಿಲ್ಲ. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಏಳು ಮಂದಿ ಈ ತರಗತಿಯಲ್ಲಿದ್ದಾರೆ. ಅವರ ಯೋಚನೆಗೆ ಅಂಕ ಕೊಡಬೇಕು, ಒತ್ತಕ್ಷರಕ್ಕಲ್ಲ. ವಾಕ್ಯ ಅರ್ಥವಾದರೆ 1. ಗೈಡಿನ ಭಾರಿ ಪದಗಳನ್ನು ಪೋಣಿಸಿ ಅರ್ಥವೇ ಆಗದ ಹಾಗೆ ಬರೆದರೆ 0.

ಉಳಿದದ್ದು

1200 ಪದ ದಾಟಿದ ಮೇಲಿನದನ್ನು ಓದುವುದಿಲ್ಲ. ಒಂದು ದಿನ ತಡವಾದರೆ 1 ಅಂಕ ಹೋಗುತ್ತದೆ, ಮೂರು ದಿನದ ಮೇಲೆ ತೆಗೆದುಕೊಳ್ಳುವುದಿಲ್ಲ. ಜ್ವರ, ಮನೆಯಲ್ಲಿ ತೊಂದರೆ ಇದ್ದರೆ ಮೊದಲೇ ಹೇಳಿ, ಸರ್ಟಿಫಿಕೇಟ್ ಬೇಡ. ಗೈಡಿನಿಂದ ಇಳಿಸಿದ ಪ್ಯಾರಾ ಸಿಕ್ಕರೆ 1 ಮತ್ತು 2ನೇ ವಿಭಾಗಕ್ಕೆ ಸೊನ್ನೆ.

ಹೆಸರು ಬರೆಯಬೇಡಿ, ರೋಲ್ ನಂಬರ್ ಹಿಂದಿನ ಪುಟದಲ್ಲಿರಲಿ. ನನ್ನ ಜೊತೆ ಇನ್ನೊಬ್ಬ ಮೇಡಂ ಕೂಡ ಪ್ರತಿ ಪ್ರಬಂಧ ಓದುತ್ತಾರೆ. ನಾವಿಬ್ಬರೂ ಹಾಕಿದ ಅಂಕದಲ್ಲಿ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಕೂತು ಮತ್ತೆ ಓದುತ್ತೇವೆ, ಇಲ್ಲದಿದ್ದರೆ ಸರಾಸರಿ.

ಅಂಕ ಬಂದ ಮೇಲೆ ಕೇಳುವುದಿದ್ದರೆ ಇದೇ ಹಾಳೆ ಹಿಡಿದುಕೊಂಡು ಬನ್ನಿ. ‘ಇನ್ನೂ ಜಾಸ್ತಿ ಕೊಡಬೇಕಿತ್ತು ಸರ್’ ಎಂದರೆ ನಡೆಯುವುದಿಲ್ಲ. ‘ಎರಡನೇ ವಿಭಾಗದಲ್ಲಿ 4 ಕೊಟ್ಟಿದ್ದೀರಿ, ಈ ಪ್ಯಾರಾದಲ್ಲಿ ಸನ್ನಿವೇಶ ಬಿಡಿಸಿದ್ದೇನೆ ನೋಡಿ’ ಎಂದರೆ ಕುರ್ಚಿ ಹಾಕಿ ಕೂರಿಸುತ್ತೇನೆ. ಹೋದ ವರ್ಷದ ಆ ಇಬ್ಬರಲ್ಲಿ ಒಬ್ಬಳಿಗೆ ಕೊನೆಗೆ ಎರಡು ಅಂಕ ಹೆಚ್ಚಿಸಿದೆ. ಅವಳು ಕೇಳಿದ್ದು ಸರಿಯಾಗೇ ಇತ್ತು.